ಅರಿಶಿನ ಕೆಂಪಾಗುವ ಪ್ರಯೋಗದ ವಿಡಿಯೊ

«ಮಂಡ್ಯದ ನಮ್ಮ ಶಾಲೆಯಲ್ಲಿ ಅರಿಶಿನದ ಕಾಗದಕ್ಕೆ ಸೋಪಿನ ನೀರು ಹಾಕಿ ಮೊಬೈಲಿನಲ್ಲಿ ಚಿತ್ರೀಕರಿಸಿದೆ. ವಿಡಿಯೊದಲ್ಲಿ ಕೆಂಪು ಮಂಕಾಗಿದೆ, ಯಾವುದರಿಂದ ಬಣ್ಣ ಬದಲಾಯಿತು ಎಂಬುದೂ ಮಕ್ಕಳಿಗೆ ತಿಳಿಯಲಿಲ್ಲ.»

ಬಹುಶಃ ಚೌಕಟ್ಟಿನ ತುಂಬ ಹಳದಿಯೇ ಇದ್ದುದರಿಂದ ಕ್ಯಾಮೆರಾ ತಾನಾಗಿ ಬಣ್ಣ ಸರಿಪಡಿಸಲು ಹೋಗಿದೆ. ಬರಿಗಣ್ಣಿಗೂ ಕೆಂಪು ಮಂಕಾಗಿಯೇ ಕಂಡಿದ್ದರೆ ತಪ್ಪು ಸೋಪಿನದು. ಮೈಸೋಪು ಬಿಟ್ಟು ಬಟ್ಟೆ ಒಗೆಯುವ ಸೋಪನ್ನು ಕರಗಿಸಿಕೊಳ್ಳಿ.

ಬಿಳಿ ತಟ್ಟೆಯ ಮೇಲೆ, ಅಂಚು ಕಾಣುವಂತೆ, ಒಣಗಿದ ಅರಿಶಿನದ ಕಾಗದದ ಎರಡು ತುಂಡುಗಳನ್ನಿಡಿ. ಕಿಟಕಿಯ ಬೆಳಕು ಸಾಕು, ಟ್ಯೂಬ್‌ಲೈಟ್ ಆರಿಸಿ. ಮೊಬೈಲನ್ನು ಪುಸ್ತಕಗಳ ಮೇಲೆ ಅಲುಗದಂತೆ ನಿಲ್ಲಿಸಿ, ಪರದೆಯಲ್ಲಿ ಕಾಗದದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಹೆಚ್ಚಿನ ಮೊಬೈಲುಗಳಲ್ಲಿ ಫೋಕಸ್ ಮತ್ತು ಬೆಳಕು ಅಲ್ಲಿಗೇ ನಿಲ್ಲುತ್ತವೆ.

ಮೊದಲ ತುಂಡಿಗೆ ಬರೀ ನೀರಿನ ಹನಿ. «ನೀರಿಗೆ ಬಣ್ಣ ಬದಲಾಗಲಿಲ್ಲ» ಎನ್ನಿ. ಈ ಹನಿಯಿಲ್ಲದಿದ್ದರೆ ಒದ್ದೆಯಾದದ್ದಕ್ಕೇ ಕೆಂಪಾಯಿತೆಂದು ಮಕ್ಕಳು ತಿಳಿಯುತ್ತಾರೆ. ಎರಡನೆಯದಕ್ಕೆ, «ಈಗ ಸೋಪಿನ ನೀರು» ಎಂದು ಹೇಳಿಯೇ ಹನಿ ಬಿಡಿ, ಆಮೇಲೆ ಸುಮ್ಮನಿರಿ. ಕೆಂಪು ಹರಡಿ ನಿಂತ ಮೇಲೆ, «ಸೋಪಿನ ನೀರು ಕ್ಷಾರ, ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುತ್ತದೆ» ಎನ್ನಿ. ಅದೇ ಕೆಂಪಿನ ಮೇಲೆ ನಿಂಬೆರಸ ಹಾಕಿದರೆ ಹಳದಿ ಮರಳುತ್ತದೆ. ಅದನ್ನೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿ.