ಎಕ್ಸಾಮ್ ಹಾಲ್‌ನಲ್ಲಿ ಮಾತ್ರ ತಲೆ ಬ್ಲ್ಯಾಂಕ್ ಆಗೋದು ಯಾಕೆ?

"ಮನೇಲಿ ಲೆಕ್ಕ ಎಲ್ಲಾ ಸರಿಯಾಗೇ ಬರುತ್ತೆ. ಎಕ್ಸಾಮ್ ಹಾಲ್‌ನಲ್ಲಿ ಕೂತ ತಕ್ಷಣ ಎದೆ ಹೊಡ್ಕೊಳ್ಳೋಕೆ ಶುರು, ತಲೆ ಬ್ಲ್ಯಾಂಕ್. ಹೊರಗೆ ಬಂದ ಹತ್ತು ನಿಮಿಷಕ್ಕೆ ಎಲ್ಲಾ ನೆನಪಾಗುತ್ತೆ. ಇದಕ್ಕೆ ಏನಾದ್ರೂ ದಾರಿ ಇದ್ಯಾ?"

ಹೊರಗೆ ಬಂದ್ಮೇಲೆ ನೆನಪಾಗುತ್ತೆ ಅಂದ್ರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಓದಿದ್ದು ಎಲ್ಲೂ ಹೋಗಿರಲಿಲ್ಲ, ಆ ಹೊತ್ತಲ್ಲಿ ಅದನ್ನ ತೆಗೆದು ಹರಡ್ಕೊಳ್ಳೋಕೆ ತಲೇಲಿ ಜಾಗ ಇರಲಿಲ್ಲ ಅಷ್ಟೆ. ಆದ್ರೂ ಒಂದು ಸಲ ಚೆಕ್ ಮಾಡಿ: ಮುಂದಿನ ಟೆಸ್ಟ್ ಮುಗಿಸಿ ಬಂದ ದಿನವೇ, ಪುಸ್ತಕ ತೆಗೀದೆ, ಯಾರನ್ನೂ ಕೇಳ್ದೆ, ಬಿಟ್ಟು ಬಂದ ಲೆಕ್ಕಗಳನ್ನ ಮತ್ತೆ ಮಾಡಿ. ಬಂದ್ರೆ ಇದು ಭಯದ ಕೆಲಸ. ಬರಲಿಲ್ಲ ಅಂದ್ರೆ ಆ ಪಾಠ ಇನ್ನೂ ಗಟ್ಟಿಯಾಗಿಲ್ಲ ಅಂತ, ಅದಕ್ಕೆ ಕೆಳಗೆ ಹೇಳೋ ಯಾವುದೂ ಔಷಧಿ ಅಲ್ಲ.

ನಾನು ತುಂಬಾ ವರ್ಷದಿಂದ ಮಕ್ಕಳಿಗೆ ಗಣಿತ ಹೇಳ್ಕೊಡ್ತಿದ್ದೀನಿ, ನನಗೆ ಇದು ಸರಿಯಾಗಿ ಅರ್ಥ ಆಗಿದ್ದು ಒಬ್ಬ ಹುಡುಗಿ ಪಕ್ಕದಲ್ಲಿ ಕೂತು ನೋಡಿದಾಗ. ಟೈಮರ್ ಇಟ್ಟು, 38 ಇಂಟು 7 ಬಾಯಲ್ಲೇ ಮಾಡು, ತಲೇಲಿ ಏನ್ ಓಡುತ್ತೋ ಅದನ್ನೂ ಜೋರಾಗೇ ಹೇಳು ಅಂದೆ. ಮೂವತ್ತೇಳ್ಲ ಇನ್ನೂರ ಹತ್ತು ಅಂದ್ಳು. ಏಳೆಂಟ್ಲ ಐವತ್ತಾರು ಅಂದ್ಳು. ಆಮೇಲೆ "ಅಯ್ಯೋ ಟೈಮ್ ಆಗ್ತಿದೆ, ತಪ್ಪಾದ್ರೆ ಏನಂತಾರೋ" ಅಂದ್ಳು. ಅಷ್ಟರಲ್ಲಿ ಆ ಇನ್ನೂರ ಹತ್ತು ಮಾಯ. ಮತ್ತೆ ಮೊದಲಿಂದ ಶುರು ಮಾಡಿದ್ಳು, ಎರಡನೇ ಸಲನೂ ಅದೇ ಜಾಗದಲ್ಲಿ ಜಾರಿತು, ಮೂರನೇ ಸಲ 256 ಅಂತ ಹೇಳಿ ನನ್ನ ಮುಖ ನೋಡಿದ್ಳು. ಸರಿ ಉತ್ತರ 266.

ಇಲ್ಲಿ ಗಮನಿಸಿ, ಮಗ್ಗಿ ಒಂದು ಸಲನೂ ತಪ್ಪಲಿಲ್ಲ. ಮಗ್ಗಿ ಅನ್ನೋದು ಎಷ್ಟೋ ವರ್ಷದ ಹಿಂದೆ ಗಟ್ಟಿಯಾಗಿ ಕೂತಿರೋದು, ಭಯ ಅದನ್ನ ಅಲುಗಾಡಿಸಲ್ಲ. ಕೈ ಜಾರಿದ್ದು ಇನ್ನೂರ ಹತ್ತನ್ನ "ಸ್ವಲ್ಪ ಹೊತ್ತು ಹಿಡ್ಕೊಂಡಿರೋ" ಕೆಲಸ. ಈ ಹಿಡ್ಕೊಳ್ಳೋ ಜಾಗಕ್ಕೇ ವರ್ಕಿಂಗ್ ಮೆಮೊರಿ ಅಂತಾರೆ. ತುಂಬಾ ಚಿಕ್ಕದು, ಒಂದೇ ಸಲಕ್ಕೆ ಮೂರೋ ನಾಲ್ಕೋ ವಿಷಯ ಹಿಡಿದ್ರೆ ಹೆಚ್ಚು. "ಫೇಲ್ ಆದ್ರೆ ಏನಪ್ಪಾ" ಅನ್ನೋ ಮಾತು ಮನಸ್ಸಲ್ಲಿ ಓಡೋಕೂ ಅದೇ ಜಾಗ ಬೇಕು, ಅದು ಬಂದು ಕೂತ್ರೆ ಲೆಕ್ಕದ ಯಾವುದೋ ಒಂದು ತುಂಡು ಎದ್ದು ಹೋಗ್ಲೇಬೇಕು. ಆಶ್‌ಕ್ರಾಫ್ಟ್ ಮತ್ತು ಕರ್ಕ್ ಅನ್ನೋ ಇಬ್ಬರು ಸಂಶೋಧಕರು 2001ರಲ್ಲಿ ಇದನ್ನೇ ತೋರಿಸಿದ್ರು, ಗಣಿತದ ಭಯ ಇರೋರು ಎಡವೋದು ಮುಖ್ಯವಾಗಿ ದಶಕ ತಗೊಂಡು ಕೂಡೋ ಥರದ ಲೆಕ್ಕದಲ್ಲಿ, ಅದೂ ತಲೇಲಿ ಇನ್ನೊಂದು ಭಾರ ಇದ್ದಾಗ.

ಹಾಗಾಗಿ ನಾನು ಮೊದಲು ಮಾಡಿಸೋದು ಧೈರ್ಯ ತುಂಬೋದಲ್ಲ, ಜಾಗ ಖಾಲಿ ಮಾಡ್ಸೋದು. ತಲೇಲಿ ಹಿಡ್ಕೊಳ್ಳೋದನ್ನೆಲ್ಲ ಪೇಪರ್ ಮೇಲೆ ಹಾಕಿ. ಮಾರ್ಜಿನ್‌ನಲ್ಲಿ 210, ಅದರ ಕೆಳಗೆ 56, ಬರೆಯೋಕೆ ನಾಚ್ಕೋಬೇಡಿ. ಫಾರ್ಮುಲಾಗಳನ್ನ ಪ್ರಶ್ನೆ ಓದೋಕೂ ಮುಂಚೆ, ಬರೆಯೋಕೆ ಬಿಟ್ಟ ತಕ್ಷಣ ರಫ್ ಜಾಗದಲ್ಲಿ ಇಳಿಸಿಬಿಡಿ. ಆ ಹುಡುಗಿಗೆ ಮುಂದಿನ ವಾರ ಪೆನ್ನು ಕೊಟ್ಟು ಅದೇ ಥರದ ಲೆಕ್ಕ ಮಾಡ್ಸಿದಾಗ ಭಯ ಹಾಗೇ ಇತ್ತು, ಕೈ ನಡುಗ್ತಾನೇ ಇತ್ತು, ಆದ್ರೆ ಉತ್ತರ ಸರಿ ಬಂತು, ಯಾಕಂದ್ರೆ ಇನ್ನೂರ ಹತ್ತು ಕಣ್ಣೆದುರೇ ಇತ್ತಲ್ಲ.

ಇನ್ನು ಎದೆ ಹೊಡ್ಕೊಳ್ಳೋದು. ಎಲ್ರೂ "ಶಾಂತವಾಗಿರು" ಅಂತಾರೆ, ನನ್ನ ಪ್ರಕಾರ ಅದು ಅಷ್ಟು ಒಳ್ಳೆ ಸಲಹೆ ಅಲ್ಲ. ಶಾಂತ ಆಗ್ಬೇಕು ಅಂತ ಪ್ರಯತ್ನ ಪಟ್ಟು ಆಗದೇ ಹೋದ್ರೆ ಚಿಂತೆ ಮಾಡೋಕೆ ಇನ್ನೊಂದು ವಿಷಯ ಸಿಕ್ಕಿದ ಹಾಗೆ. ಜೆರೆಮಿ ಜೇಮಿಸನ್ ಮತ್ತೆ ಅವರ ಜೊತೆಯವರು 2010ರಲ್ಲಿ ಜಿಆರ್‌ಇ ಅನ್ನೋ ಎಂಟ್ರೆನ್ಸ್ ಪರೀಕ್ಷೆಗೆ ಓದ್ತಿದ್ದ ಸ್ಟೂಡೆಂಟ್‌ಗಳಲ್ಲಿ ಅರ್ಧ ಜನಕ್ಕೆ ಪ್ರಾಕ್ಟೀಸ್ ಟೆಸ್ಟ್‌ಗೆ ಮುಂಚೆ ಇಷ್ಟೇ ಹೇಳಿದ್ರು: ಟೆಸ್ಟ್ ಹೊತ್ತಲ್ಲಿ ಹೀಗೆ ಅನ್ಸೋದರಿಂದ ಕೆಟ್ಟದ್ದೇನೂ ಆಗಲ್ಲ, ಅದು ಚೆನ್ನಾಗಿ ಬರೆಯೋಕೆ ಸಹಾಯನೂ ಮಾಡಬಹುದು. ಅವರ ಗಣಿತದ ಮಾರ್ಕ್ಸ್ ಆ ದಿನ ಮಾತ್ರ ಅಲ್ಲ, ಆಮೇಲೆ ಬರೆದ ನಿಜವಾದ ಪರೀಕ್ಷೇಲೂ ಉಳಿದವರಿಗಿಂತ ಮೇಲಿತ್ತು. ನನಗೆ ತುಂಬಾ ಇಷ್ಟ ಆಗಿದ್ದು ಇನ್ನೊಂದು ವಿಷಯ, ಮೈ ಎಷ್ಟು ಉದ್ವೇಗದಲ್ಲಿದೆ ಅಂತ ತೋರಿಸೋ ಅವರ ಎಂಜಲಿನ ಟೆಸ್ಟ್ ನೋಡಿದ್ರೆ ಮೈಯೇನೂ ತಣ್ಣಗಾಗಿರಲಿಲ್ಲ. ಬದಲಾಗಿದ್ದು ಅದಕ್ಕೆ ಅವರು ಕೊಟ್ಟ ಅರ್ಥ ಅಷ್ಟೆ. ಹಾಗಾಗಿ ಎದೆ ಹೊಡ್ಕೊಂಡಾಗ "ಶುರುವಾಯ್ತಪ್ಪಾ, ಇವತ್ತೂ ಹೋಯ್ತು" ಅನ್ನೋ ಬದಲು "ರಕ್ತ ಜೋರಾಗಿ ಓಡ್ತಿದೆ, ಮೈ ಕೆಲಸಕ್ಕೆ ರೆಡಿ ಆಗ್ತಿದೆ" ಅಂತ ಹೇಳ್ಕೊಳ್ಳಿ. ಇದು ಸುಳ್ಳು ಸಮಾಧಾನ ಅಲ್ಲ, ದೇಹ ನಿಜವಾಗ್ಲೂ ಮಾಡ್ತಿರೋದು ಅದನ್ನೇ. ಆದ್ರೆ ಮೊದಲನೇ ಸಲ ಹಾಲ್‌ನಲ್ಲೇ ಟ್ರೈ ಮಾಡಿದ್ರೆ ಮನಸ್ಸು ನಂಬಲ್ಲ, ಮನೇಲಿ ಟೈಮರ್ ಇಟ್ಟು ಹಳೇ ಪೇಪರ್ ಬರೆಯೋವಾಗ್ಲೇ ನಾಲ್ಕೈದು ಸಲ ಹೇಳ್ಕೊಂಡು ರೂಢಿ ಆಗಿರ್ಬೇಕು.

ಮೈ ತೀರಾ ಅತಿ ಮಾಡಿದ್ರೆ, ಅಂದ್ರೆ ಅಕ್ಷರನೇ ಕಾಣ್ದಷ್ಟು ಆದ್ರೆ, ಉಸಿರಿನ ಕಡೆ ಗಮನ ಕೊಡ್ಬೇಕು. ಮೂಗಲ್ಲಿ ನಾಲ್ಕು ಎಣಿಸೋವರೆಗೆ ಒಳಗೆ, ಆರು ಎಣಿಸೋವರೆಗೆ ನಿಧಾನಕ್ಕೆ ಹೊರಗೆ, ಹೀಗೆ ಎರಡು ನಿಮಿಷ. ನಿಮಿಷಕ್ಕೆ ಆರು ಉಸಿರು ಆಗುತ್ತೆ. ತುಂಬಾ ಜನ ಮಾಡೋ ತಪ್ಪು ಏನಂದ್ರೆ ಗಬಗಬ ಅಂತ ದೊಡ್ಡ ದೊಡ್ಡ ಉಸಿರು ಎಳೀತಾರೆ, ಆಗ ತಲೆ ಸುತ್ತುತ್ತೆ, ಬೆರಳು ಜುಮ್ ಅನ್ನುತ್ತೆ, ಭಯ ಇನ್ನೂ ಏರುತ್ತೆ. ಉಸಿರು ದೊಡ್ಡದಾಗೋದು ಬೇಡ, ಹೊರಗೆ ಬಿಡೋದು ಉದ್ದ ಇರ್ಲಿ ಸಾಕು. ಇನ್ನೊಂದು, ಡೆಸ್ಕ್ ಕೆಳಗೆ ಮುಷ್ಟಿ ಐದಾರು ಸೆಕೆಂಡ್ ಬಿಗಿ ಹಿಡಿದು ಸಡಿಲ ಬಿಡಿ, ಸಡಿಲ ಆಗಿದ್ದನ್ನ ಹದಿನೈದು ಸೆಕೆಂಡ್ ಸುಮ್ನೆ ಗಮನಿಸಿ. ಇದು ಎಡ್ಮಂಡ್ ಜೇಕಬ್ಸನ್ ಅನ್ನೋ ಡಾಕ್ಟರ್ ನೂರು ವರ್ಷದ ಹಿಂದೆ ಶುರು ಮಾಡಿದ ವಿಧಾನದ ಚಿಕ್ಕ ರೂಪ, ಪೂರ್ತಿ ಮಾಡೋದಾದ್ರೆ ಮಲಗೋ ಮುಂಚೆ ಪಾದದಿಂದ ಮುಖದವರೆಗೆ ಒಂದೊಂದೇ ಭಾಗ ಹೀಗೆ ಮಾಡ್ಬೇಕು.

ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಭಯವನ್ನೆಲ್ಲ ಪೇಪರ್‌ನಲ್ಲಿ ಬರೆದು ಹಾಕಿದ್ರೆ ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ನೀವು ಎಲ್ಲಾದ್ರೂ ಓದಿರಬಹುದು. ರಮೀರೆಜ್ ಮತ್ತು ಬೈಲಾಕ್ 2011ರಲ್ಲಿ ಹಾಗೆ ಕಂಡಿದ್ರು, ಆದ್ರೆ ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ನಾನು ಯಾರನ್ನೂ ಬೇಡ ಅನ್ನಲ್ಲ, ಮೊದಲು ಮನೇಲಿ ಟೆಸ್ಟ್ ಬರೆಯೋ ಮುಂಚೆ ಹೀಗೆ ಮಾಡಿ ನೋಡಿ, ಹಗುರ ಅನ್ಸಿದ್ರೆ ಇಟ್ಕೊಳ್ಳಿ.

ಪರೀಕ್ಷೆಗೆ ವಾರಗಟ್ಟಲೆ ಮುಂಚೆಯಿಂದ್ಲೇ ನಿದ್ದೆ ಬರ್ತಿಲ್ಲ, ವಾಂತಿ ಆಗ್ತಿದೆ, ಹಾಲ್‌ಗೆ ಹೋಗೋಕೇ ಆಗ್ತಿಲ್ಲ ಅನ್ನೋ ಹಾಗಿದ್ರೆ ಇದಿಷ್ಟನ್ನೇ ನಂಬ್ಕೊಂಡು ಕೂರಬೇಡಿ, ಕೌನ್ಸೆಲರ್ ಹತ್ರ ಹೋಗಿ, ಇದಕ್ಕೆ ಚೆನ್ನಾಗಿ ಕೆಲಸ ಮಾಡೋ ಥೆರಪಿ ಇದೆ.

ಸುಧಾರಿಸ್ತಿದ್ದೀರೋ ಇಲ್ವೋ ಅಂತ ನೋಡೋಕೆ ಎದೆಬಡಿತ ಎಣಿಸಬೇಡಿ, ಅದು ಕಮ್ಮಿ ಆಗದೇನೂ ಇರಬಹುದು. ಒಂದೇ ಸಾಲನ್ನ ಎಷ್ಟು ಸಲ ಮತ್ತೆ ಓದಿದ್ರಿ ಅಂತ ನೋಡಿ, ಪ್ರತಿ ಸಲ ವಾಪಸ್ ಹೋದಾಗ ಮಾರ್ಜಿನ್‌ನಲ್ಲಿ ಒಂದು ಚುಕ್ಕೆ ಇಡಿ. ಆ ಹುಡುಗಿ ಮೊದಲ ಪ್ರಾಕ್ಟೀಸ್ ಪೇಪರ್‌ನಲ್ಲಿ ಒಂದೇ ಪ್ರಶ್ನೆಗೆ ಐದು ಚುಕ್ಕೆ ಇಟ್ಟಿದ್ಳು, ಒಂದು ತಿಂಗಳಾದ್ಮೇಲೆ ಒಂದೋ ಎರಡೋ ಇರ್ತಿತ್ತು.