ಅಕ್ಕ ಹೋಗುವ ಮೊದಲು ಹದ ತೂಗಿ ಬರೆದುಕೊಳ್ಳಿ

ಸಂಪಾದಕರಿಗೆ ನಮಸ್ಕಾರ್ರಿ. ಗದಗದಾಗ ಮನಿ ಹಿಂದಿನ ಶೆಡ್ಡಿನಾಗ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಮಸಾಲಿ ಖಾರ ಮಾಡಿ ಮಾರತೀನ್ರಿ. ಒಟ್ಟ ಆರು ಮಂದಿ ಇದ್ದೇವಿ. ಮೊದಲಿಂದ ಹುರಿಯೂದು, ಹದಾ ನೋಡೂದು ಒಬ್ಬ ಅಕ್ಕನ ಕೈಯಾಗ ಐತಿ. ಬ್ಯಾಡಗಿ ದಲಾಲರ ಜೋಡಿ ಮಾತಾಡೂದು, ಗಿರಾಕಿಗಳ ವಾಟ್ಸಾಪ್ ಆರ್ಡರ್ ತಗೊಳ್ಳೂದೂ ಆಕೀನ. ಮುಂದಿನ ತಿಂಗಳ ಕೆಲಸ ಬಿಟ್ಟು ಹುಬ್ಬಳ್ಳ್ಯಾಗ ತನ್ನ ಸ್ವಂತದ್ದು ಸುರು ಮಾಡತಾಳಂತ. ಮೂರು ವರ್ಷ ಇದೇ ಧಂದೆ ಮಾಡಬಾರದು ಅಂತ ಬಾಂಡ್ ಪೇಪರ್ ಮ್ಯಾಲೆ ಬರಸ್ಕೊಂಡ್ರ ನಡೀತದೇನ್ರಿ?
— ಗದಗಿನ ಓದುಗರು

ನಡೆಯುವುದಿಲ್ಲ ತಾಯಿ. 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಕಲಮಿನ ಪ್ರಕಾರ, ಒಬ್ಬರು ನ್ಯಾಯವಾದ ದುಡಿಮೆ ಮಾಡದಂತೆ ತಡೆಯುವ ಕರಾರಿಗೆ ಬೆಲೆಯಿಲ್ಲ. ನಿಮ್ಮಲ್ಲಿ ಕೆಲಸದಲ್ಲಿರುವಷ್ಟು ದಿನ ಬೇರೆ ಕಡೆ ಅದೇ ಕೆಲಸ ಮಾಡಬಾರದು ಎನ್ನಬಹುದು. ಬಿಟ್ಟ ಮೇಲೆ ಹಿಂಡಿ ಕುಟ್ಟಬೇಡ ಎನ್ನಲು ಬರುವುದಿಲ್ಲ, ಎಷ್ಟು ರೂಪಾಯಿಯ ಛಾಪಾ ಕಾಗದದ ಮೇಲೆ ಬರೆಸಿದರೂ ಅಷ್ಟೇ. ಶೇಂಗಾ ಹುರಿಯುವ ಕೈಚಳಕ ಆ ಅಕ್ಕನ ಸ್ವಂತ ಗಳಿಕೆ. ಅದು ಅವರ ಜೊತೆಗೇ ಹೋಗುತ್ತದೆ.

ಕಾನೂನು ತಡೆಯಬಲ್ಲದ್ದು ಬೇರೆ. ನೀವು ಗುಟ್ಟಾಗಿ ಇಟ್ಟುಕೊಂಡ, ಗುಟ್ಟು ಎಂದು ಹೇಳಿಯೇ ಅವರ ಕೈಗೆ ಕೊಟ್ಟ ಮಾಹಿತಿಯನ್ನು ಅವರು ತಮ್ಮ ವ್ಯಾಪಾರಕ್ಕೆ ಬಳಸಿದರೆ ಅದನ್ನು ಪ್ರಶ್ನಿಸಬಹುದು. ಆದರೆ ಆಗ ಮೊದಲು ಎದುರಾಗುವ ಪ್ರಶ್ನೆ, ಗುಟ್ಟು ಯಾವುದು, ಅದು ಎಲ್ಲಿ ಬರೆದಿದೆ, ಯಾರು ಯಾರಿಗೆ ಗೊತ್ತಿತ್ತು ಎಂಬುದು. ಹಿಂಡಿಯಲ್ಲಿ ಏನೇನು ಬಿದ್ದಿದೆ ಎಂಬುದಂತೂ ಗುಟ್ಟಲ್ಲ. ಆಹಾರ ಸುರಕ್ಷತಾ ನಿಯಮದಂತೆ ನಿಮ್ಮ ಪಾಕೀಟಿನ ಮೇಲೆಯೇ ಶೇಂಗಾ, ಖಾರ, ಬೆಳ್ಳುಳ್ಳಿ, ಉಪ್ಪು, ಜೀರಿಗೆ ಎಂದು ಹೆಚ್ಚಿನ ತೂಕದಿಂದ ಕಡಿಮೆ ತೂಕಕ್ಕೆ ಕ್ರಮವಾಗಿ ಅಚ್ಚಾಗಿರಬೇಕು. ಉಳಿದಿರುವ ಗುಟ್ಟು ಎರಡೇ, ಪ್ರಮಾಣ ಮತ್ತು ಹದ.

ನಿಮ್ಮ ಪತ್ರ ಓದಿ ನನಗೆ ಹೆಚ್ಚು ಆತಂಕವಾದದ್ದೂ ಇಲ್ಲಿಯೇ. ಅಕ್ಕ ಹದ ಒಯ್ಯುತ್ತಾರೆ ಎಂದು ನೀವು ಹೆದರಿದ್ದೀರಿ. ಆ ಹದ ನಿಮ್ಮ ಹತ್ತಿರ ಉಳಿಯುತ್ತದೆಯೇ ಎಂದು ಕೇಳಿಲ್ಲ. ಅವರು ಹಿಡಿಯ ಅಂದಾಜಿನಲ್ಲಿ ಹಾಕುತ್ತಿದ್ದರೆ, ಅವರು ಹೋದ ತಿಂಗಳಿಗೆ ನಿಮ್ಮ ಗಿರಾಕಿ "ರುಚಿ ಬದಲಾಗೇತಲ್ರೀ" ಎನ್ನುತ್ತಾರೆ. ಪೈಪೋಟಿಗಿಂತ ಅದು ದೊಡ್ಡ ನಷ್ಟ.

ಆದ್ದರಿಂದ ಈ ತಿಂಗಳು ಒಂದು ಕೆಲಸ ಮಾಡಿ. ಅಕ್ಕ ಎಂದಿನಂತೆ ಮಾಡಲಿ. ಅವರ ಕೈಗೆ ಚಮಚ ಕೊಡಬೇಡಿ, ಕೊಟ್ಟರೆ ಅಂದಾಜು ತಪ್ಪುತ್ತದೆ. ಉಪ್ಪು, ಖಾರ, ಜೀರಿಗೆ, ಹುಣಸೆ, ಬೆಲ್ಲದ ಡಬ್ಬಿಗಳನ್ನು ಕೆಲಸಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ತೂಗಿ. ಕಡಿಮೆಯಾದ ತೂಕವೇ ಅವರ ಹಿಡಿಯ ಲೆಕ್ಕ. ನಾಲ್ಕಾರು ಘಾಣಿಗೆ ಹೀಗೆ ಬರೆದುಕೊಂಡರೆ ಯಾವುದರಲ್ಲಿ ಕೈ ಸ್ಥಿರವಾಗಿದೆ, ಯಾವುದರಲ್ಲಿ ಹೆಚ್ಚುಕಡಿಮೆ ಆಗುತ್ತದೆ ಎಂಬುದು ಕಾಣುತ್ತದೆ. ಉಪ್ಪು ಪ್ರತಿಸಲ ಒಂದೇ ಇದ್ದು ಖಾರ ಮಾತ್ರ ಬದಲಾಗುತ್ತಿದ್ದರೆ, ಮೆಣಸಿನಕಾಯಿಯ ಖಾರ ನೋಡಿ ಅವರು ತಿದ್ದುತ್ತಿದ್ದಾರೆ ಎಂದರ್ಥ. ಆಗ "ಯಾಕ ಕಡಿಮಿ ಹಾಕಿದಿ ಅಕ್ಕಾ" ಎಂದು ಅಲ್ಲಿಯೇ ಕೇಳಿ ಬರೆದುಕೊಳ್ಳಿ. ಹುರಿಯುವ ಹದಕ್ಕೂ ತೂಕವೇ ಸಾಕ್ಷಿ. 10 ಕೆಜಿ ಹಸಿ ಶೇಂಗಾ ಹುರಿದಾಗ ನೀರಿನಂಶ ಹೋಗಿ ಅರ್ಧ ಕೆಜಿಯ ಆಸುಪಾಸು ಇಳಿಯುತ್ತದೆ. ಸಿಪ್ಪೆ ತೆಗೆಯುವ ಮೊದಲೇ ತೂಗಿ. ಅಕ್ಕ ಇಳಿಸಿದಾಗ ಎಷ್ಟಿತ್ತು, ಎಷ್ಟು ನಿಮಿಷ ಬೇಕಾಯಿತು, ಒಲೆ ಎಷ್ಟು ದೊಡ್ಡದಿತ್ತು ಎಂಬುದು ನಿಮ್ಮ ವಹಿಯಲ್ಲಿರಲಿ. ಮಾಲು ಹೊಸದಾಗಿದ್ದರೆ ಅದರಲ್ಲಿ ನೀರು ಹೆಚ್ಚು, ತೂಕವೂ ಹೆಚ್ಚು ಇಳಿಯುತ್ತದೆ. ಅದಕ್ಕೆ ಯಾವ ಚೀಲದ ಶೇಂಗಾ ಎಂಬುದನ್ನೂ ಬರೆಯಿರಿ.

ಇನ್ನು ಮುಂದೆ ಬರುವವರಿಗೆ ಪೂರ್ತಿ ಲೆಕ್ಕ ಕೊಡಬೇಕಿಲ್ಲ. ಉಪ್ಪು, ಖಾರ, ಜೀರಿಗೆ ಮತ್ತಿತರ ಒಣ ಸಾಮಾನನ್ನು ನೀವೇ ಮನೆಯಲ್ಲಿ ತೂಗಿ ಒಟ್ಟಿಗೆ ಬೀಸಿ, 10 ಕೆಜಿ ಶೇಂಗಾಕ್ಕೆ ಒಂದು ಎಂಬಂತೆ ಪಾಕೀಟು ಕಟ್ಟಿ ಶೆಡ್ಡಿಗೆ ಕಳಿಸಿ. ಬೀಸದೆ ಕಟ್ಟಿದರೆ ಯಾರಾದರೂ ಬೇರೆಬೇರೆ ಆರಿಸಿ ತೂಗಬಹುದು. ಇಷ್ಟು ದಿನ ಕಲಸಿದ ಅಕ್ಕನ ಕೈಯಿಂದ ಇದು ಏನನ್ನೂ ಮರೆಸುವುದಿಲ್ಲ, ಆದರೆ ಮುಂದಿನವರಿಂದ ಇದೇ ಪ್ರಸಂಗ ಬರದಂತೆ ತಡೆಯುತ್ತದೆ.

ದಲಾಲರ ವಿಷಯಕ್ಕೆ ಬಂದರೆ, ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯ ಹೆಸರು, ನಂಬರು ಗುಟ್ಟಾಗುವುದಿಲ್ಲ. ಅದು ಅಂಗಡಿಯ ಬೋರ್ಡಿನ ಮೇಲೇ ಇರುತ್ತದೆ. ಅವರು ಅಕ್ಕನಿಗೂ ಮಾಲು ಕೊಡುತ್ತಾರೆ, ಕೊಡಲಿ. ನೀವು ಈ ವಾರವೇ ಮಾಡಬೇಕಾದದ್ದು ಒಂದಿದೆ. ಖುದ್ದಾಗಿ ಹೋಗಿ, ಇಂತಿಂಥ ತಾರೀಖಿನಿಂದ ನನ್ನ ನಂಬರಿನಿಂದ ಬಂದ ಆರ್ಡರ್ ಮಾತ್ರ ನನ್ನ ಖಾತೆಗೆ ಎಂದು ಹೇಳಿ, ಅದನ್ನೇ ಬರೆದೂ ಕಳಿಸಿ. ಹೇಳದೇ ಬಿಟ್ಟರೆ, ಎಷ್ಟೋ ವರ್ಷ ಅಕ್ಕನ ಮುಖ ನೋಡಿ ಉದ್ದರಿ ಕೊಟ್ಟವರು ನಾಳೆಯೂ ಕೊಡುತ್ತಾರೆ, ಚೀಟಿ ಮಾತ್ರ ನಿಮ್ಮ ಹೆಸರಿಗೆ ಬರುತ್ತದೆ. ಅಂಗಡಿಗಳಿಂದ ಬಾಕಿ ವಸೂಲಿಯನ್ನೂ ಅವರೇ ಮಾಡುತ್ತಿದ್ದರೆ ಆ ಅಂಗಡಿಕಾರರಿಗೂ ಇದೇ ಮಾತು ಮುಟ್ಟಿಸಿ. ಬರುವಾಗ ಈಗ ಬಳಸುವ ಕಡ್ಡಿ, ಡಬ್ಬಿ ಎರಡೂ ತಳಿಯ ಮೆಣಸಿನಕಾಯಿಯ ಮಾದರಿಯನ್ನು ಬಿಲ್ಲಿನ ಜೊತೆ ಗಾಳಿಯಾಡದ ಭರಣಿಯಲ್ಲಿ ಕತ್ತಲಲ್ಲಿ ತೆಗೆದಿಡಿ. ಮುಂದಿನ ಖರೀದಿಗೆ ಬಣ್ಣ, ಸುಕ್ಕು ಹೋಲಿಸಲು ಬೇಕಾಗುತ್ತದೆ. ಬಹಳ ದಿನ ಇಟ್ಟರೆ ಬಣ್ಣ ಇಳಿಯುತ್ತದೆ, ಆಗಾಗ ಹೊಸ ಮಾದರಿಗೆ ಬದಲಿಸಿ.

ಗಿರಾಕಿಗಳ ಪಟ್ಟಿಯೇ ಎಲ್ಲಕ್ಕಿಂತ ಬೇಗ ಕೈ ಬಿಡುವುದು. ಆರ್ಡರ್ ಬರುವ ಸಿಮ್ ಯಾರ ಹೆಸರಿನಲ್ಲಿದೆ ಎಂದು ನೋಡಿ. ನಿಮ್ಮ ಹೆಸರಿನಲ್ಲಿದ್ದರೆ ಸಿಮ್ ಮತ್ತು ಫೋನ್ ವಾಪಸು ಪಡೆದು, ವಾಟ್ಸಾಪಿನ Linked devices ತೆರೆದು ಗೊತ್ತಿಲ್ಲದ ಸಾಧನಗಳನ್ನು ಹೊರಹಾಕಿ, ಎರಡು ಹಂತದ ಪಿನ್ ಬದಲಿಸಿ. ಅಕ್ಕನ ಸ್ವಂತ ನಂಬರಾಗಿದ್ದರೆ ಅದನ್ನು ಕಸಿದುಕೊಳ್ಳಲು ಬರುವುದಿಲ್ಲ. ಅವರು ಇರುವಾಗಲೇ ನಿಮ್ಮ ಹೆಸರಿನ ಹೊಸ ನಂಬರ್ ತೆಗೆದು, "ಇನ್ನು ಮುಂದೆ ಆರ್ಡರ್ ಈ ನಂಬರಿಗೆ" ಎಂಬ ಸಂದೇಶವನ್ನು ಅವರಿಂದಲೇ ಗಿರಾಕಿಗಳಿಗೆ ಕಳಿಸಿಸಿ. ಜೊತೆಗೆ ಕೊರಿಯರ್ ರಸೀದಿ, ನಿಮ್ಮ ಬ್ಯಾಂಕ್ ಖಾತೆಗೆ ಬಂದ ಪಾವತಿಗಳ ವಿವರ, ಹಳೆಯ ಬಿಲ್ಲು ಸೇರಿಸಿ ನಿಮ್ಮದೇ ಪಟ್ಟಿ ಮಾಡಿಕೊಳ್ಳಿ. ಯಾರು ಏನು, ಎಷ್ಟು ದಿನಕ್ಕೊಮ್ಮೆ, ಯಾವ ದರಕ್ಕೆ ಕೊಳ್ಳುತ್ತಾರೆ ಎಂಬುದಿದ್ದರೆ ಆ ಪಟ್ಟಿಗೆ ಬೆಲೆ ಬರುತ್ತದೆ. ಎಲ್ಲರಿಗೂ ಗೊತ್ತಿರುವ ಖಾನಾವಳಿಗಳ ಹೆಸರಿನ ಬರೀ ಯಾದಿಯನ್ನು ಗುಟ್ಟು ಎಂದು ಸಾಧಿಸುವುದು ಕಷ್ಟ. ಪಟ್ಟಿಯೊಳಗೆ ಬೇರೆಲ್ಲೂ ವ್ಯವಹಾರಕ್ಕೆ ಬಳಸದ ನಿಮ್ಮದೇ ಒಂದು ನಂಬರನ್ನು ಹೊಸ ಹೆಸರಿನಲ್ಲಿ ಸೇರಿಸಿಡಿ. ನಾಳೆ ಆ ನಂಬರಿಗೆ ಹುಬ್ಬಳ್ಳಿಯ ಹೊಸ ಹಿಂಡಿಯ ಜಾಹೀರಾತು ಬಂದರೆ, ಪಟ್ಟಿ ನಕಲಾಗಿದೆ ಎನ್ನಲು ಕೈಯಲ್ಲಿ ಆಧಾರ ಇರುತ್ತದೆ. ಬರದಿದ್ದರೆ ಸುಮ್ಮನೆ ಸಂಶಯಪಡುವುದು ಬೇಡ.

ಬರೆಸಿಕೊಳ್ಳುವುದಿದ್ದರೆ ಹೀಗೆ ಬರೆಸಿ: ಇಂಥ ತಾರೀಖಿನ ತೂಕದ ವಹಿ, ಗಿರಾಕಿಗಳ ಪಟ್ಟಿ, ದರಪಟ್ಟಿ ಸಂಸ್ಥೆಯ ಗುಟ್ಟಿನ ಮಾಹಿತಿ, ಇವುಗಳ ಪ್ರತಿಯನ್ನು ಇಟ್ಟುಕೊಂಡಿಲ್ಲ, ಬೇರೆಯವರಿಗೆ ಕೊಡುವುದಿಲ್ಲ, ಸ್ವಂತ ವ್ಯಾಪಾರಕ್ಕೆ ಬಳಸುವುದಿಲ್ಲ. "ಎಲ್ಲ ಮಾಹಿತಿ" ಎಂದು ಬರೆದರೆ ಅದಕ್ಕೆ ತೂಕವಿಲ್ಲ, ಹೆಸರು ಹಿಡಿದು ಬರೆಯಿರಿ. ಸ್ಥಳೀಯ ವಕೀಲರಿಗೆ ಒಮ್ಮೆ ತೋರಿಸಿ. ನಿಮ್ಮ ಹಿಂಡಿಯ ಹೆಸರು ಇನ್ನೂ ನೋಂದಣಿಯಾಗಿಲ್ಲದಿದ್ದರೆ, ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕುವ ಬಗ್ಗೆ ಅಂದೇ ಅವರನ್ನು ಕೇಳಿ. ರುಚಿಗೆ ಅದು ಕಾವಲಲ್ಲ, ಅದೇ ಹೆಸರನ್ನೋ ಹೋಲುವ ಪಾಕೀಟನ್ನೋ ಬೇರೆಯವರು ಹಾಕಿಕೊಂಡಾಗ ಕೆಲಸಕ್ಕೆ ಬರುತ್ತದೆ.

ಸಹಿ ಹಾಕುವವರೆಗೆ ಸಂಬಳ ಕೊಡುವುದಿಲ್ಲ ಎಂದು ಮಾತ್ರ ಹಿಡಿದು ಕೂರಬೇಡಿ. ದುಡಿದ ಹಣ ಅವರದು, ತಡೆದರೆ ತಪ್ಪು ನಿಮ್ಮ ಮೇಲೆ ಬರುತ್ತದೆ, ಒತ್ತಾಯದಿಂದ ಪಡೆದ ಸಹಿಯೂ ನಿಲ್ಲುವುದಿಲ್ಲ. ತೂಕದ ವಹಿ ತುಂಬಿಸಿಕೊಡಲು ಅಕ್ಕನಿಗೆ ಹೆಚ್ಚಿನ ಕೆಲಸ ಬೀಳುತ್ತದೆ. ಅದಕ್ಕೆ ಬೇರೆಯೇ ಹಣ ಗೊತ್ತುಮಾಡಿ, ಅರ್ಧ ಈಗ, ಅರ್ಧ ಅವರಿಲ್ಲದೆ ನೀವು ಆ ವಹಿ ನೋಡಿ ಮಾಡಿದ ಹಿಂಡಿ ಸರಿಬಂದ ದಿನ ಕೊಡಿ.