ಬಾಳೆಹಣ್ಣೋ, ಉಪ್ಪಿನ ಡಬ್ಬಿಯೋ: ಒಂದು ಆಪ್ತಸಲಹೆ ಪ್ರಕರಣ

(ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ತೀರ್ಥಹಳ್ಳಿ ಕಡೆಯ 62 ವರ್ಷದ ಅಡಿಕೆ ಬೆಳೆಗಾರರೊಬ್ಬರು ವೈದ್ಯರ ಚೀಟಿ ಹಿಡಿದು, ಪತ್ನಿ ಮತ್ತು ಮಗನೊಂದಿಗೆ ಆಹಾರ ಸಲಹೆಗೆ ಬಂದರು. ಅವರಿಗೆ ಬಹುಕಾಲದ ಸಕ್ಕರೆ ಕಾಯಿಲೆಯಿದ್ದು, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ ಮಾತ್ರೆ ನಡೆಯುತ್ತಿತ್ತು. ಮೂತ್ರಪಿಂಡವು ರಕ್ತದಿಂದ ಸೋಸಿ ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ 2.1ಕ್ಕೆ ಏರಿತ್ತು, ಅದರಿಂದ ಲೆಕ್ಕ ಹಾಕಿದ ಮೂತ್ರಪಿಂಡದ ಸೋಸುವ ಸಾಮರ್ಥ್ಯ, ಅಂದರೆ ಇಜಿಎಫ್‌ಆರ್, ಸುಮಾರು 35ಕ್ಕೆ ಇಳಿದಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕಾದಲ್ಲಿ ಇವರಿಗೆ 5.9 ಇತ್ತು. ರಕ್ತ ತೆಗೆಯುವಾಗ ರಕ್ತಕಣಗಳು ಒಡೆದರೂ ಈ ಅಂಕಿ ಸುಳ್ಳಾಗಿ ಏರುವುದರಿಂದ ವೈದ್ಯರು ಮತ್ತೊಮ್ಮೆ ಪರೀಕ್ಷೆ ಮಾಡಿಸಿದ್ದರು, ಆಗಲೂ 5.8 ಬಂದಿತ್ತು. ಇಸಿಜಿಯಲ್ಲಿ ವ್ಯತ್ಯಾಸ ಕಾಣದಿದ್ದುದರಿಂದ ಆಸ್ಪತ್ರೆಗೆ ಸೇರಿಸದೆ ನನ್ನ ಬಳಿಗೆ ಕಳುಹಿಸಿದ್ದರು.

"ಬಿಪಿಗೆ ಬಾಳೆಹಣ್ಣು ಒಳ್ಳೇದು ಅಂತ ಎಲ್ಲರೂ ಹೇಳ್ತಾರಲ್ಲ ಮೇಡಂ, ಎರಡು ಹೊತ್ತೂ ಊಟ ಆದ್ಮೇಲೆ ಎರಡೆರಡು ನಾನೇ ಕೊಡ್ತಿದ್ದೆ," ಎಂದು ಪತ್ನಿ ಅಳುಕಿನಿಂದಲೇ ಹೇಳಿದರು.

ಅವರು ಕೇಳಿದ್ದು ಸುಳ್ಳಲ್ಲ. ಆಹಾರದಲ್ಲಿ ಪೊಟ್ಯಾಸಿಯಂ ಸಾಕಷ್ಟು ಸಿಕ್ಕಾಗ ಮೂತ್ರಪಿಂಡವು ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳದೆ ಹೊರಹಾಕುತ್ತದೆ, ರಕ್ತನಾಳಗಳ ಗೋಡೆಯೂ ಸಡಿಲಗೊಳ್ಳುತ್ತದೆ, ಇದರಿಂದ ಒತ್ತಡ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ ಕನಿಷ್ಠ 3510 ಮಿಲಿಗ್ರಾಂ ಪೊಟ್ಯಾಸಿಯಂ ಸೂಚಿಸಿರುವುದು ಈ ಕಾರಣಕ್ಕೇ. ಆದರೆ ನಾವು ತಿಂದ ಪೊಟ್ಯಾಸಿಯಂನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊರಹೋಗುವುದು ಮೂತ್ರಪಿಂಡದ ಮೂಲಕವೇ ಆದ್ದರಿಂದ, ಅದು ಸೋತವರಲ್ಲಿ ಅದೇ ಪೊಟ್ಯಾಸಿಯಂ ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನು ಕೆಡಿಸಬಲ್ಲದು. ಟೆಲ್ಮಿಸಾರ್ಟಾನ್ ಕೂಡ ಪೊಟ್ಯಾಸಿಯಂ ಹೊರಹೋಗುವುದನ್ನು ಸ್ವಲ್ಪ ತಡೆಯುತ್ತದೆ.

ಆದರೂ ಹಣ್ಣೊಂದರಿಂದಲೇ ಇಷ್ಟು ಏರಿತೆಂದು ನನಗೆ ಅನ್ನಿಸಲಿಲ್ಲ, ಏಕೆಂದರೆ ಅವರ ತೋಟದ ಪುಟ್ಟಬಾಳೆ ಹಣ್ಣು ನಾಲ್ಕು ತಿಂದರೂ ಸಿಗುವುದು ಹೆಚ್ಚೆಂದರೆ 900 ಮಿಲಿಗ್ರಾಂ, ಅದೂ ಅವರು ವರ್ಷಗಳಿಂದ ತಿನ್ನುತ್ತಿದ್ದುದೇ. ಇತ್ತೀಚೆಗೆ ಏನು ಬದಲಾಯಿತು ಎಂದು ಕೇಳಿದಾಗ ಮೂರು ಸಂಗತಿಗಳು ಹೊರಬಂದವು. ಬೇಸಿಗೆಯೆಂದು ದಿನಕ್ಕೊಂದು ಎಳನೀರು ಶುರುವಾಗಿತ್ತು. ಅದರಿಂದ ಸುಮಾರು 600 ಮಿಲಿಗ್ರಾಂ. ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಮಾತ್ರೆ ಸೇರಿತ್ತು. ಅದು ಮೂತ್ರಪಿಂಡದ ಕೆಲಸವನ್ನು ಇನ್ನಷ್ಟು ಕುಗ್ಗಿಸುತ್ತದೆ. ಮೂರನೆಯದನ್ನು ಮಗ ಹೆಮ್ಮೆಯಿಂದಲೇ ಹೇಳಿದರು: "ಅಪ್ಪನ ಬಿಪಿಗೆ ಅಂತ ಕಡಿಮೆ ಸೋಡಿಯಂ ಇರೋ ಉಪ್ಪು ತಂದಿದೀನಿ."

ಮೊಬೈಲ್‌ನಲ್ಲಿದ್ದ ಪೊಟ್ಟಣದ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇತ್ತು. ಅದರ ಅರ್ಧಕ್ಕಿಂತ ತುಸು ಹೆಚ್ಚು ತೂಕ ಪೊಟ್ಯಾಸಿಯಂನದೇ. ದಿನಕ್ಕೆ 8 ಗ್ರಾಂ ಉಪ್ಪು ತಿನ್ನುವವರಿಗೆ ಇದರಿಂದಲೇ 800 ಮಿಲಿಗ್ರಾಂ ಹೆಚ್ಚುವರಿಯಾಗಿ ಸೇರುತ್ತದೆ, ಮತ್ತು ನಾರಿನೊಂದಿಗೆ ಬರುವ ಹಣ್ಣಿನ ಪೊಟ್ಯಾಸಿಯಂಗಿಂತ ಇದು ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ. ಮೂತ್ರಪಿಂಡ ಚೆನ್ನಾಗಿರುವವರಿಗೆ ಈ ಉಪ್ಪು ಒಳ್ಳೆಯದೇ, ಇವರಿಗೆ ಸಲ್ಲದು.

ನೋವಿನ ಮಾತ್ರೆಯನ್ನು ವೈದ್ಯರು ಫೋನಿನಲ್ಲೇ ನಿಲ್ಲಿಸಿದರು. ಟೆಲ್ಮಿಸಾರ್ಟಾನ್ ಮೂತ್ರಪಿಂಡವನ್ನು ಕಾಪಾಡುವ ಮಾತ್ರೆಯೂ ಆದ್ದರಿಂದ, ಅದನ್ನು ಹೆದರಿ ಸ್ವಂತವಾಗಿ ಬಿಡಬಾರದೆಂದು ನಾನು ಒತ್ತಿ ಹೇಳಿದೆ. ಮನೆಯವರೆಲ್ಲರೂ ಸಾದಾ ಉಪ್ಪಿಗೆ ಮರಳಿ, ಉಪ್ಪಿನಕಾಯಿ ಮತ್ತು ಹಪ್ಪಳ ತಗ್ಗಿಸಿ, ತಲೆಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರದಂತೆ ಬಳಸುವುದೆಂದು ತೀರ್ಮಾನವಾಯಿತು. ಎಳನೀರು ಪೂರ್ತಿ ನಿಂತಿತು, ಬಾಳೆಹಣ್ಣು ಮರುಪರೀಕ್ಷೆಯವರೆಗೆ ನಿಂತಿತು. ಆಲೂಗಡ್ಡೆ, ಕೆಸುವಿನ ಗೆಡ್ಡೆ, ಬಾಳೆದಿಂಡುಗಳನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕೆಂದೆ. ಸತ್ವವೆಲ್ಲ ಅದರಲ್ಲೇ ಇದೆಯೆಂದು ಬಸಿದ ನೀರನ್ನು ಸಾರಿಗೆ ಹಾಕುವ ಅಭ್ಯಾಸ ಆ ಮನೆಯಲ್ಲಿತ್ತು. ಇವರ ಪಾಲಿಗೆ ತೊಂದರೆಯಾಗಿದ್ದೂ ಆ ಸತ್ವವೇ. ಹಿತ್ತಲಿನಲ್ಲಿ ಧಾರೆಹುಳಿ ಮರವಿದೆಯೆಂದು ಮಾತಿನ ನಡುವೆ ತಿಳಿದಾಗ, ಅದನ್ನು ಉಪ್ಪಿನಕಾಯಿಯಾಗಿಯೂ ಮುಟ್ಟಬಾರದೆಂದು ತಿಳಿಸಿದೆ. ಮೂತ್ರಪಿಂಡ ಸೋತವರಲ್ಲಿ ಅದರೊಳಗಿನ ವಿಷ ಹೊರಹೋಗದೆ ಬಿಡದ ಬಿಕ್ಕಳಿಕೆ, ಗೊಂದಲ, ಅಪಸ್ಮಾರಗಳನ್ನೂ ತರಬಲ್ಲದು.

ಪತ್ನಿಗೂ ರಕ್ತದೊತ್ತಡವಿತ್ತು, ಆದರೆ ಮೂತ್ರಪಿಂಡದ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಗಂಡ ಬಿಟ್ಟಿದ್ದನ್ನು ತಾವೂ ಬಿಡಲು ಹೊರಟಿದ್ದ ಅವರಿಗೆ, ಬಾಳೆಹಣ್ಣು ಮತ್ತು ಸೊಪ್ಪನ್ನು ಮುಂದುವರಿಸಲೇಬೇಕೆಂದು ಹೇಳಿದೆ.

ಪೊಟ್ಯಾಸಿಯಂ ಏರಿದಾಗ ಕಾಲು ಸೋತಂತಾಗುವುದು, ಎದೆಬಡಿತ ತಪ್ಪುವುದು ಉಂಟು. ಹಾಗಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಆದರೆ ಬಹಳ ಸಲ ಯಾವ ಸೂಚನೆಯೂ ಇರುವುದಿಲ್ಲವಾದ್ದರಿಂದ ವೈದ್ಯರು ವಾರದೊಳಗೇ ಮತ್ತೆ ರಕ್ತಪರೀಕ್ಷೆ ಬರೆದಿದ್ದರು. ಆಗ 5.3, ಎರಡನೇ ವಾರ ಕಳೆದ ಮೇಲೆ 4.9 ಬಂದಿತು. ದಿನಕ್ಕೊಂದು ಪುಟ್ಟಬಾಳೆ ಹಣ್ಣಿಗೆ ಒಪ್ಪಿಗೆ ಕೊಟ್ಟು, ತಿಂಗಳ ನಂತರದ ವರದಿಯೊಂದಿಗೆ ಬರಲು ತಿಳಿಸಿದ್ದೇನೆ.